ಹೆಸರಿಲ್ಲದ ಸಾಲು

ದೊಡ್ಡಮಳೂರಿನ ಲತಾಮಣಿ ರೇಷ್ಮೆಹುಳುವಿಗೆ ಸೊಪ್ಪು ಹಾಕುವುದರಲ್ಲಿ ಎಷ್ಟು ಚುರುಕೋ ಮೊಬೈಲಿನಲ್ಲೂ ಅಷ್ಟೇ ಚುರುಕು. ರೇಷ್ಮೆ ಬೆಳೆಗಾರರೂ ಗೂಡಿನಿಂದ ನೂಲು ತೆಗೆಯುವ ರಾಮನಗರದ ರೀಲರುಗಳೂ ಇದ್ದ ವಾಟ್ಸಾಪ್ ಗುಂಪನ್ನು ನಡೆಸುತ್ತಿದ್ದವಳು ಅವಳೇ. ಕನ್ನಡ, ಉರ್ದು, ಇಂಗ್ಲಿಷು ಅಲ್ಲಿ ಒಂದೇ ಮಡಕೆಯಲ್ಲಿ ಬೇಯುತ್ತಿದ್ದವು.

ಮಾರುಕಟ್ಟೆಗೆ ಯಾರೂ ಗೂಡು ತರಬಾರದೆಂದು ಬೆಳೆಗಾರರು ಕಟ್ಟು ಮಾಡಿದ್ದರು. ಅವಳ ಮೈದುನ ಕೆಂಪರಾಜು ಕಟ್ಟು ಮುರಿದು ಗೂಡು ಒಯ್ದ, ದರದ ಮೇಲೆ ರೀಲರ್ ಸಮದನೊಂದಿಗೆ ಜಗಳವನ್ನೂ ಆಡಿದ. ಮಾರನೆಯ ಸಂಜೆ ಹಿಪ್ಪುನೇರಳೆ ತೋಟದಲ್ಲಿ ಯಾರೋ ಹಿಂದಿನಿಂದ ಗೋಣಿ ಮುಸುಕು ಹಾಕಿ, ಅವನ ಬಲಗೈಯನ್ನು ಮಣಿಕಟ್ಟಿಗೇ ಕಡಿದು ಓಡಿದರು.

ಆಸ್ಪತ್ರೆಯಿಂದ ಬಂದ ಗಂಡ ಅನಂತರಾಜು ಅಂಗಿಯ ರಕ್ತವನ್ನೂ ತೊಳೆಯಲಿಲ್ಲ.

“ಗುಂಪಲ್ಲೇ ಯಾವನೋ ಬೆದರ್ಸಿದ್ನಂತೆ. ಅಷ್ಟುದ್ದ ಓದೋರ್ಯಾರು? ಆ ಎಐಗೆ ಹಾಕಮ್ಮಿ!”

ಅವಳು ಗುಂಪಿನ ಮಾತುಕತೆಯನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ, ಎಐಗೆ ಕೊಟ್ಟು, ಚುಟುಕಾಗಿ ಹೇಳು ಎಂಬರ್ಥದಲ್ಲಿ ‘ಸಮರೈಸ್’ ಎಂದು ಬರೆದಳು. ಬಂದ ಉತ್ತರವನ್ನು ಗಟ್ಟಿಯಾಗಿ ಓದಿದಳು: “ಕೆಂಪರಾಜುವಿನ ಕೈ ಕಡಿಯಬೇಕೆಂದು ಸಮದ್ ಹೇಳಿದ್ದಾರೆ.”

ಅನಂತರಾಜು ಮಚ್ಚು ತೆಗೆದುಕೊಂಡ. ಅವನ ಚಿಕ್ಕಪ್ಪನ ಮಗ ಬಾಲರಾಜು ಆಗಲೇ ಬೈಕ್ ಹತ್ತಿದ್ದ. “ಕೂರಣ್ಣ, ಇವತ್ತವನ್ನ ಬುಡಬಾರ್ದು!”

ಅವರು ಹೋದ ಮೇಲೆ ಲತಾಮಣಿ ಎಐ ಹೇಳಿದ್ದು ನಿಜವೇ ಎಂದು ನೋಡಹೊರಟಳು. ಎಕ್ಸ್‌ಪೋರ್ಟ್ ಮಾಡಿದ ಮೂಲವನ್ನೇ ತೆರೆದಳು. ಪ್ರತಿ ಸಂದೇಶದ ಮೊದಲಲ್ಲಿ ತಾರೀಖು, ಸಮಯ, ಹೆಸರು ಇದ್ದವು. “ಕಟ್ಟು ಮುರಿದ ಕೆಂಪರಾಜುನ್ ಕೈ ಕಡೀರಿ” ಎಂಬ ಸಾಲಿಗೆ ಮಾತ್ರ ಅವೊಂದೂ ಇರಲಿಲ್ಲ. ಅದರ ಮೇಲಿನ ಸಾಲು ಸಮದನದು: “ಯೇ ಕ್ಯಾ ಬಾತ್? ನಿಕಾಲೋ ಇಸ್ಕು.” ಇದೇನು ಮಾತು, ತೆಗೀರಿ ಎಂದು ಅರ್ಥ. ಹೆಸರಿಲ್ಲದ ಆ ಸಾಲು ಬೇರೊಬ್ಬನದು; ಅದನ್ನು ನಕಲು ಮಾಡಿ ತನ್ನ ಮಾತಿನ ಕೆಳಗೆ ಅಂಟಿಸಿ, ಸಮದ್ ಗದರಿದ್ದ. ಅದಕ್ಕೂ ಮೇಲೆ ಬಾಲರಾಜುವಿನ ಹೆಸರಿನಲ್ಲಿ, ಸಂದೇಶ ಅಳಿಸಲಾಗಿದೆ ಎಂದಷ್ಟೇ ಇತ್ತು. ಸಮದನ ಸಂದೇಶದ ಕೆಳಗೆ ಬೆಳೆಗಾರ್ತಿ ಮಾಯಮ್ಮ ಬರೆದಿದ್ದಳು: “ಬಾಲರಾಜು, ಅಳಿಸ್ಬುಟ್ರೆ ಕೈ ಕಡೀರಿ ಅಂದಿದ್ದು ಹೋದದಾ?” ಯಂತ್ರ ಎಲ್ಲವನ್ನೂ ಸಮದನ ಕೊರಳಿಗೇ ಕಟ್ಟಿತ್ತು.

ಗಂಡನಿಗೂ ಬಾಲರಾಜುವಿಗೂ ಫೋನ್ ಮಾಡಿದಳು; ಇಬ್ಬರೂ ಎತ್ತಲಿಲ್ಲ. ಅವಳು ಸ್ಕೂಟರ್ ಓಡಿಸಿದಳು.

ಸಮದನ ಶೆಡ್ಡಿನಲ್ಲಿ ಗೂಡು ಬೇಯುವ ನೀರಿನೊಳಗೆ ಅವನ ಕೈಯನ್ನು ಅನಂತರಾಜು ಅದುಮಿ ಹಿಡಿದಿದ್ದ. ಬಾಲರಾಜು ಪಕ್ಕೆಗೆ ಒದೆಯುತ್ತಿದ್ದ. ಚರ್ಮ ಸುಲಿದು ನೂಲಿನ ಜೊತೆ ತೇಲುತ್ತಿತ್ತು.

“ಬುಡ್ರೋ! ಆ ಮಾತು ಸಮದಣ್ಣಂದಲ್ಲ, ಬಾಲರಾಜುದು!”

“ಸುಳ್ಳತ್ಗೆ! ಸಮದ್ ಅಂತ ಓದಿದ್ದು ನೀನೇ ತಾನೆ?” ಎಂದ ಬಾಲರಾಜು.

“ಹೂಂ ಕಣಪ್ಪ, ನಾನೇ. ನೋಡ್ದಲೇ ಓದ್ಬುಟ್ಟೆ. ಈಗ ನೋಡಿ ಓದ್ತೀನಿ, ನಿಂತ್ಕೊ.”

ಓದಿ ಮುಗಿಸುವ ಮೊದಲೇ ಬಾಲರಾಜು ಬಾಗಿಲಿಗೆ ಹಾರಿದ. ಅನಂತರಾಜುವಿನ ಮಚ್ಚು ಅವನ ಹೆಗಲಿಗೆ ಇಳಿಯಿತು. ಎರಡನೆಯ ಏಟಿಗೆ ಲತಾಮಣಿ ಅಡ್ಡ ಬಿದ್ದಳು. ಅವಳ ಅಂಗೈ ಸೀಳಿತು.

“ಅಂದೋನು ಇವ್ನು. ಕಡಿದೋನು ಯಾರು ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಕೆಳಗಾಕು ಮಚ್ಚ!”

ಠಾಣೆಯಲ್ಲಿ ಇನ್‌ಸ್ಪೆಕ್ಟರ್, “ಚುಟುಕಾಗಿ ಹೇಳಮ್ಮ,” ಎಂದರು.

“ಚುಟುಕು ಬ್ಯಾಡ ಸಾರ್. ಯಾರೇನಂದ್ರು, ಯಾರೇನ್ ಮಾಡುದ್ರು, ಒಂದೊಂದಾಗಿ ಬರ್ಕೊಳಿ.”

ಎಲ್ಲ ಹೇಳಿದಳು, ತಾನು ತಪ್ಪು ಓದಿದ್ದನ್ನೂ. ಸಮದನ ಕೈಯ ವಿಷಯಕ್ಕೆ ಬಂದಾಗ, ಬೆಂಚಿನ ಮೇಲಿದ್ದ ಗಂಡ ಅವಳ ಮುಖವನ್ನೇ ನೋಡಿದ.

“ಕುದಿಯೋ ನೀರ್ಗೆ ಅದ್ದಿದ್ದು ನನ್ ಗಂಡ ಅನಂತರಾಜು,” ಎಂದಳು. ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ನಿಂತಿತು. ಅವಳು ಹೆಸರನ್ನು ಇನ್ನೊಮ್ಮೆ ಹೇಳಿದಳು.