ಎರಡು ನಿಮಿಷ ತಡ

ಚೂಡಾಮಣಿ ಮೇಡಂ ನೀರು ಕುಡಿಯಲು ಎದ್ದರೆ ಹೊಳೆನರಸೀಪುರದ ಆ ಅನುದಾನಿತ ಪ್ರೌಢಶಾಲೆಯಲ್ಲಿ ಒಂದು ದಾಖಲೆ ಹುಟ್ಟುತ್ತಿತ್ತು. ಚಲನವಲನ ವಹಿಯಲ್ಲಿ ಹೊರಟ ಹೊತ್ತು, ಮರಳಿದ ಹೊತ್ತು, ಕಾರಣ, ಸಹಿ. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳಿದ ಹೆಂಗಸು, ಕಾರಣ ಎಂಬಲ್ಲಿ ‘ನೀರು’ ಎಂದು ಬರೆಯುವಾಗ ಅವಮಾನದಿಂದ ಕುಗ್ಗಿಹೋಗುತ್ತಿದ್ದರು.

ಇದೆಲ್ಲ ಶುರುವಾದದ್ದು 2007ರ ಜೂನ್‌ನಲ್ಲಿ. ಅದಕ್ಕೆ ಮೂರು ತಿಂಗಳ ಹಿಂದೆ ಅರಕಲಗೂಡಿನ ಎಸ್ಸೆಸ್ಸೆಲ್ಸಿ ಕೇಂದ್ರದಲ್ಲಿ ಆಕೆ ಒಬ್ಬ ಹುಡುಗನ ನಕಲು ಚೀಟಿ ಹಿಡಿದು ವರದಿ ಕೊಟ್ಟಿದ್ದರು. ಅವನು ತಮ್ಮ ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷರ ಅಕ್ಕನ ಮಗನಂತೆ! ಆಕೆಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಬಿಡುತ್ತಿರಲಿಲ್ಲ.

“ಕಣ್ತಪ್ಪಿನಿಂದ ಆಯ್ತು ಅಂತ ಒಂದು ಪತ್ರ ಬರ್ಕೊಡಿ ಮೇಡಂ. ನಿಮಗೂ ಒಳ್ಳೇದು, ನಮಗೂ ಒಳ್ಳೇದು” ಎಂದಿದ್ದರು ಮುಖ್ಯೋಪಾಧ್ಯಾಯ ಚಂದ್ರಮೌಳಿ.

“ಕಣ್ಣು ಸರಿಯಾಗೇ ಇತ್ತಲ್ಲ ಸಾರ್” ಎಂದಿದ್ದರು ಈಕೆ.

ಅಲ್ಲಿಗೆ ಮುಗಿಯಿತು. ವಾರಕ್ಕೆ ನಾಲ್ಕು ದಿನ ಮುಖ್ಯೋಪಾಧ್ಯಾಯರು ಆಕೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ವೀಕ್ಷಣೆ ಮಾಡುವರು. ಪಾಠ ಟಿಪ್ಪಣಿಯನ್ನು ದಿನಾ ಬೆಳಿಗ್ಗೆ ಮೇಜಿನ ಮೇಲಿಡಬೇಕು. ಅಂಚು ಬಿಟ್ಟಿಲ್ಲ, ದಿನಾಂಕ ಬಲಕ್ಕಿಲ್ಲ ಎಂದು ಅದು ಕೆಂಪು ಗೀರಿನೊಂದಿಗೆ ಮರಳುತ್ತಿತ್ತು. ಜವಾನ ಸಣ್ಣಯ್ಯ ಜಗಲಿಯಲ್ಲಿ ನಿಂತು ಆಕೆ ಹೋಗಿಬರುವ ಹೊತ್ತನ್ನು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ.

“ನನ್ ಮ್ಯಾಲೆ ಬೇಜಾರ್ ಮಾಡ್ಕಬ್ಯಾಡಿ ಮೇಡಮ್ನೋರೆ. ಬರ್ಕ ಅಂದವ್ರೆ, ಬರ್ಕತೀನಿ. ನಿಮ್ದೊಬ್ರುದೇ ಕಣ್ರವ್ವ” ಎಂದು ಒಂದು ದಿನ ತಲೆ ತಗ್ಗಿಸಿ ಹೇಳಿಬಿಟ್ಟ.

ಮೂರು ತಿಂಗಳಿಗೆ ಏಳು ಮೆಮೊ. ಮನೆಯಲ್ಲೂ ಆಕೆ ಗಡಿಯಾರ ನೋಡಿಕೊಂಡೇ ಊಟ ಮಾಡತೊಡಗಿದರು. “ರಾಜೀನಾಮೆ ಕೊಟ್ಟು ಹಾಯಾಗಿರೇ” ಎಂದು ಗಂಡ ಸಂಪತ್ಕುಮಾರ ಅಂದಾಗ ಸಿಟ್ಟು ಬಂತು. ಶಾಲೆಯವರಿಗೂ ಬೇಕಾದದ್ದು ಅದೇ ತಾನೆ! ಆದರೂ ಒಂದು ರಾಜೀನಾಮೆ ಪತ್ರ ಬರೆದು ಬ್ಯಾಗಿನೊಳಗಿಟ್ಟುಕೊಂಡರು. ಹೋಗುವ ಮೊದಲು ಇದೊಂದು ಕೊನೆಯ ಪ್ರಯತ್ನ ಎಂದುಕೊಂಡು ಹಾಸನದ ಇಲಾಖೆ ಕಚೇರಿಗೆ ದೂರು ಕೊಟ್ಟರು.

ಸೆಪ್ಟೆಂಬರ್ ಕೊನೆಗೆ ವಿಚಾರಣೆಗೆ ಕರೆ ಬಂತು. ಚಂದ್ರಮೌಳಿ ದಪ್ಪ ಫೈಲು ತಂದಿದ್ದರು.

“ಇವರೊಬ್ಬರನ್ನೇ ಗುರಿ ಮಾಡಿಲ್ಲ ಸರ್. ವಹಿ ಬರೀಬೇಕು ಅನ್ನೋ ಸುತ್ತೋಲೆ ಎಲ್ಲರಿಗೂ. ವೀಕ್ಷಣೆ ಎಲ್ಲರದ್ದೂ ಮಾಡಿದೀನಿ, ಹಾಳೆಗಳು ಇಲ್ಲಿವೆ.”

ಅಧಿಕಾರಿ ಮೊದಲು ಚಲನವಲನ ವಹಿ ತೆರೆದರು. ಹದಿನಾಲ್ಕು ಪುಟ, ಒಂದೇ ಹೆಸರು.

“ಉಳಿದ ಹನ್ನೊಂದು ಜನ ಮೂರು ತಿಂಗಳಿಂದ ನೀರೇ ಕುಡಿದಿಲ್ಲವಾ?”

“ಅವರು... ಬರೆಯೋದು ಮರೆತಿರಬಹುದು ಸರ್.”

“ಮರೆತವರಿಗೆ ಮೆಮೊ ಕೊಟ್ರಾ?”

ಚಂದ್ರಮೌಳಿ ಫೈಲಿನಿಂದ ವೀಕ್ಷಣೆಯ ಹಾಳೆಗಳನ್ನು ತೆಗೆದು ಮುಂದಿಟ್ಟರು. ಅವು ಮಾತ್ರ ಗಟ್ಟಿ ಪುರಾವೆಯಂತಿದ್ದವು. ಒಬ್ಬೊಬ್ಬ ಶಿಕ್ಷಕರಿಗೂ ನಾಲ್ಕೈದು, ದಿನಾಂಕ, ಪೀರಿಯಡ್ಡು, ಸಹಿ. ಅಧಿಕಾರಿ ಅವನ್ನು ಚೂಡಾಮಣಿಯವರ ಕೈಗೆ ಕೊಟ್ಟರು. ಎಲ್ಲ ಒಂದೇ ಶಾಯಿ, ಒಂದೇ ಮಡಿಕೆ. ಮೊನ್ನೆ ಕೂತು ಬರೆದದ್ದು ಎಂದು ಆಕೆಗೆ ಗೊತ್ತು, ಆದರೆ ಹೇಳಿದರೆ ಯಾರು ನಂಬುತ್ತಾರೆ? ಹಾಳೆ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು. ಗಣಿತದ ಪಾಲಾಕ್ಷ ಮೇಷ್ಟ್ರ ಹಾಳೆಯಲ್ಲಿ ಕಣ್ಣು ನಿಂತಿತು. ಆಗಸ್ಟ್ ಹದಿನೇಳು, ಮೂರನೇ ಪೀರಿಯಡ್ಡು, ಒಂಬತ್ತನೇ ತರಗತಿ. ‘ಪಾಠ ತೃಪ್ತಿಕರ.’

ಆ ದಿನ! ಬ್ಯಾಗಿಗೆ ಕೈ ಹಾಕಿದರು. ಮೊದಲು ಸಿಕ್ಕಿದ್ದು ರಾಜೀನಾಮೆ ಪತ್ರ. ಅದನ್ನು ಒಳಕ್ಕೆ ತುರುಕಿ ಐದನೇ ಮೆಮೊ ತೆಗೆದು ಮೇಜಿನ ಮೇಲಿಟ್ಟರು. ಅಧಿಕಾರಿ ಗಟ್ಟಿಯಾಗಿ ಓದಿದರು:

“‘ದಿನಾಂಕ 17-8-2007ರಂದು ಶ್ರೀ ಪಾಲಾಕ್ಷ ಅವರು ಹಾಸನದ ತರಬೇತಿಗೆ ತೆರಳಿದ್ದು, ಅವರ ಬದಲಿಯಾಗಿ ಮೂರನೇ ಪೀರಿಯಡ್‌ಗೆ ಒಂಬತ್ತನೇ ತರಗತಿಗೆ ತಮ್ಮನ್ನು ನಿಯೋಜಿಸಲಾಗಿತ್ತು. ತಾವು ಎರಡು ನಿಮಿಷ ತಡವಾಗಿ ಪ್ರವೇಶಿಸಿದ್ದನ್ನು ಖುದ್ದು ಗಮನಿಸಿರುತ್ತೇನೆ.’ ಏನ್ರೀ ಇದು? ಊರಲ್ಲೇ ಇಲ್ಲದ ಮೇಷ್ಟ್ರ ಪಾಠ ತೃಪ್ತಿಕರ, ಇದ್ದವರಿಗೆ ಮೆಮೊ?”

ಚಂದ್ರಮೌಳಿ ಕರವಸ್ತ್ರ ತೆಗೆದರು. ಆಕೆಯನ್ನು ಹಿಡಿಯುವ ಉಮೇದಿನಲ್ಲಿ ಎರಡು ನಿಮಿಷವನ್ನೂ ಬಿಡದೆ ಬರೆದಿದ್ದ ಮಹಾನುಭಾವರಿಗೆ, ತಾವೇ ಬರೆದದ್ದನ್ನು ಒಮ್ಮೆ ಓದಿಕೊಳ್ಳಲು ಪುರಸೊತ್ತಿರಲಿಲ್ಲ.

ಮೆಮೊಗಳನ್ನೆಲ್ಲ ಹಿಂಪಡೆಯಬೇಕು, ಸುಳ್ಳು ದಾಖಲೆಗೆ ಮುಖ್ಯೋಪಾಧ್ಯಾಯರೇ ವಿವರಣೆ ಕೊಡಬೇಕು ಎಂದು ಅಧಿಕಾರಿ ಬರೆಸಿದರು. “ಇನ್ನು ನೀವು ನಿಶ್ಚಿಂತೆಯಿಂದ ಕೆಲಸ ಮಾಡಿ ಮೇಡಂ” ಎಂದರು.

ಚೂಡಾಮಣಿ ತಲೆಯಾಡಿಸಿದರು. ಗೆದ್ದಿದ್ದರು, ಆದರೆ ಗಂಟಲು ಪೂರಾ ಒಣಗಿತ್ತು. ಬಾಗಿಲ ಆಚೆ ನೀರಿನ ಡ್ರಮ್ಮು ಕಾಣುತ್ತಿತ್ತು. ಆಕೆ ಎದ್ದು ಗೋಡೆಯ ಗಡಿಯಾರ ನೋಡಿ, ಬ್ಯಾಗಿನಿಂದ ಪೆನ್ನು ತೆಗೆದು, ಅಧಿಕಾರಿಯ ಮೇಜಿನತ್ತ ಬಗ್ಗಿದರು.

“ನೀರು ಕುಡಿದು ಬರ್ತೀನಿ ಸಾರ್. ಎಲ್ಲಿ ಬರೀಬೇಕು?”