ಲಿಮಿಟ್ ಮೇಡಂ ಮತ್ತು ಒಪ್ಪದ ಕ್ಯಾಲ್ಕುಲೇಟರ್

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಲಿಮಿಟ್ ಮೇಡಂ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನು ಬಂತು. ಕಾಲೇಜಿನಲ್ಲಿ ಗಣಿತ ಕಲಿಸುವ ಅವರಿಗೆ ಆ ಅಡ್ಡಹೆಸರು ಬಂದದ್ದು, ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ತರಗತಿ ಶುರುವಾಗುವ ಮೊದಲೇ ಕಳಿಸುತ್ತಿದ್ದ ಮೇಲ್‌ನಿಂದ. ಎಡ ಮತ್ತು ಬಲ ಲಿಮಿಟ್, ಸೊನ್ನೆ ಭಾಗಿಸು ಸೊನ್ನೆ ಬಂದಾಗ ಅಪವರ್ತಿಸುವುದು, ಅನಂತದ ಕಡೆಗಿನ ಲಿಮಿಟ್, ಇವನ್ನೆಲ್ಲ ಮತ್ತೆ ಓದಿಕೊಂಡು ಬರಬೇಕು ಎಂದು ಅದರಲ್ಲಿರುತ್ತಿತ್ತು. ಈ ಸಲ ಕೊನೆಗೊಂದು ಹೊಸ ಸಾಲು ಸೇರಿಸಿದ್ದರು: ‘ಎಕ್ಸ್ ಸೊನ್ನೆಗೆ ಹತ್ತಿರವಾದಾಗ ಸೈನ್ ಎಕ್ಸ್ ಭಾಗಿಸು ಎಕ್ಸ್. ಕ್ಯಾಲ್ಕುಲೇಟರಿನಲ್ಲಿ 0.1, 0.01 ಹಾಕಿ ನೋಡಿ. ಉತ್ತರ ಒಂದಕ್ಕೆ ಹತ್ತಿರವಾಗದಿದ್ದರೆ ಪಾಠವನ್ನು ಮೊದಲಿನಿಂದ ಓದಿ.’

“ಮೇಡಂ, ನಾನು ಹೊಸ ಬ್ಯಾಚಿನವಳು. ಗಣಿತ ಬಿಟ್ಟು ಇತಿಹಾಸ ತಗೋತೀನಿ. ಅರ್ಜಿಗೆ ನಿಮ್ಮ ಸಹಿ ಬೇಕಂತೆ, ಇವತ್ತೇ ಕೊನೆ ದಿನ.”

“ಯಾಕಮ್ಮಾ, ಕ್ಲಾಸೇ ಶುರುವಾಗಿಲ್ಲ, ಆಗ್ಲೇ ಸಾಕಾಯ್ತಾ?”

“ಮೇಲ್‌ಗೇ ಸಾಕಾಯ್ತು ಮೇಡಂ. ನಾಲ್ಕು ಸಲ ಮೊದಲಿಂದ ಓದಿದೆ. ಗಣಿತ ಅಂದ್ರೆ ನಂಗೆ ಪ್ರಾಣ, ಆದ್ರೆ ತಲೆಗೆ ಹತ್ತಲ್ಲ ಅಂತ ಗೊತ್ತಾಯ್ತು. ಅಣ್ಣನ ಕ್ಯಾಲ್ಕುಲೇಟರಲ್ಲೂ ನೋಡಿದೆ. ಅದೂ ಅವನ ಥರಾನೇ, ಹೇಳಿದ್ದನ್ನೇ ಹೇಳತ್ತೆ.”

“ಏನು ಹೇಳತ್ತೆ?”

ಹುಡುಗಿ ಉತ್ತರ ಓದಿದಳು. ಮೇಡಂ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟರು. ಆ ಸಂಖ್ಯೆಯನ್ನು ಅವರು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲರು: ಪೈಯನ್ನು ನೂರ ಎಂಬತ್ತರಿಂದ ಭಾಗಿಸಿದರೆ ಬರುವುದು ಅದೇ.

“ನಿನ್ನ ಕ್ಯಾಲ್ಕುಲೇಟರ್ ಡಿಗ್ರಿ ಲೆಕ್ಕದಲ್ಲಿದೆ ಕಣಮ್ಮಾ. ಕೋನ ರೇಡಿಯನ್‌ನಲ್ಲಿದ್ರೆ ಮಾತ್ರ ಒಂದು ಬರೋದು. ಬದಲಿಸಿ, ಮತ್ತೆ 0.1 ಹಾಕು.”

ಗುಂಡಿ ಒತ್ತುವ ಸದ್ದು. “0.99833... ಮೇಡಂ, ಬಂತು.” ಆಮೇಲೆ ಮೆಲ್ಲಗೆ, “ಆದ್ರೆ ಮೇಲ್‌ನಲ್ಲಿ ರೇಡಿಯನ್ ಅಂತ ಇರಲಿಲ್ಲ.”

“ಇರಲಿಲ್ಲ. ನಾನೇ ಬರೆದಿಲ್ಲ.”

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಗಂಡ ತಲೆ ಎತ್ತಿದರು. ‘ಯೂನಿಟ್ ಇಲ್ಲದ ಉತ್ತರಕ್ಕೆ ಸೊನ್ನೆ’ ಎಂದು ಹೆಂಡತಿ ಉತ್ತರಪತ್ರಿಕೆಗಳ ಮೇಲೆ ಗೊಣಗುವುದನ್ನು ಮದುವೆಯಾದಾಗಿನಿಂದ ಕೇಳಿದವರು.

“ಹಾಗಾದ್ರೆ ಯೂನಿಟ್ ಇಲ್ಲದ ಪ್ರಶ್ನೆಗೆ ಎಷ್ಟು?”

“ನೀವು ಪೇಪರ್ ಓದ್ರೀ.”

ಮೇಲ್ ತೆರೆದರೆ ಹನ್ನೊಂದು ಉತ್ತರಗಳು, ಎಲ್ಲವೂ ವಿನಯದ ಮೂರ್ತಿಗಳು: ‘ಮೊದಲಿನಿಂದ ಓದುತ್ತಿದ್ದೇವೆ ಮೇಡಂ.’ ಒಬ್ಬ ಮಾತ್ರ ಹೊಸ ಕ್ಯಾಲ್ಕುಲೇಟರ್ ಕೊಂಡಿದ್ದ. ಮೇಡಂ ತಿದ್ದುಪಡಿ ಕಳಿಸಿದರು. ‘ತಪ್ಪು ನನ್ನದು’ ಎಂಬ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆದರು.

ಮೊದಲ ತರಗತಿಯ ದಿನ ಹುಡುಗಿ ಮುಂದಿನ ಬೆಂಚಿನಲ್ಲಿದ್ದಳು. ಇತಿಹಾಸದ ಅರ್ಜಿಯನ್ನು ಮಡಚಿ, ಸೆಕೆಗೆ ಗಾಳಿ ಹಾಕಿಕೊಳ್ಳುತ್ತಿದ್ದಳು. ಮೇಡಂ ಹಾಜರಿಯನ್ನೂ ಕರೆಯದೆ ಬೋರ್ಡಿನ ಕಡೆ ತಿರುಗಿ, “ಇದು ಸರಿಯಾದ ಉತ್ತರ. ಪ್ರಶ್ನೆಯಲ್ಲೇ ಕೊರತೆ ಇತ್ತು,” ಎಂದು ಅಂದು ಫೋನಿನಲ್ಲಿ ಅವಳು ಓದಿ ಹೇಳಿದ್ದನ್ನು ದೊಡ್ಡದಾಗಿ ಬರೆದರು: 0.01745.