ಸೊನ್ನೆ ಎಂದು ಬರೆದ ಹಿಡಿ ಮಣ್ಣು

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅಪ್ಪ ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಚೀಲ ಹೊತ್ತು ನನ್ನನ್ನು ಅರ್ಥಶಾಸ್ತ್ರದ ಎಂ.ಎ. ತನಕ ಓದಿಸಿದ. ಇದನ್ನು ಯಾರ ಮುಂದೆಯೂ ತಲೆ ಎತ್ತಿ ಹೇಳುತ್ತೇನೆ. ಆ ಓದಿನ ಬಲದ ಮೇಲೆ ನಾನು ಮಾಡಿದ ಒಂದು ಕೆಲಸವನ್ನು ಹೇಳುವಾಗ ಮಾತ್ರ ತಲೆ ತಾನಾಗಿ ತಗ್ಗುತ್ತದೆ.

ಆಗ ನಾನು ಒಂದು ಸಮೀಕ್ಷಾ ಸಂಸ್ಥೆಯಲ್ಲಿ ಮನೆಮನೆಗೆ ಹೋಗಿ ಫಾರ್ಮು ತುಂಬಿಸುತ್ತಿದ್ದೆ. ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಗೆ ಕಾಲುವೆ ಬರುವುದಿತ್ತು. ನೇರವಾಗಿ ತೋಡಿದರೆ ಅದು ಊರಾಚೆಯ ದಿಬ್ಬದ ಮೇಲೆ ಹಾಯುತ್ತಿತ್ತು. ಆ ದಿಬ್ಬವೇ ಊರಿನ ಹೂಳುವ ಜಾಗ. ಒಂದು ಮಗ್ಗುಲಿಗೆ ಲಿಂಗಾಯತರ ಗೋರಿಗಳು, ಇನ್ನೊಂದು ಮಗ್ಗುಲಿಗೆ ಮುಸಲ್ಮಾನರ ಖಬರಸ್ತಾನ. ದಿಬ್ಬವನ್ನು ಬಳಸಿ ಹೋಗಬೇಕೆಂದರೆ ಕಾಲುವೆ ಉದ್ದವಾಗುತ್ತಿತ್ತು, ಒಳ್ಳೆಯ ಎರೆ ಹೊಲಗಳು ಹೋಗುತ್ತಿದ್ದವು, ಖರ್ಚು ಏರುತ್ತಿತ್ತು.

ವರದಿ ಬರೆಯುವ ಅರ್ಥಶಾಸ್ತ್ರಜ್ಞರನ್ನು ನಾವು ಬರೀ ‘ಸರ’ ಎನ್ನುತ್ತಿದ್ದೆವು. ನಿವೃತ್ತಿಗೆ ಹತ್ತಿರದವರು, ಸಾಧು ಮನುಷ್ಯ. ತರಬೇತಿಯ ದಿನ ಹಲಗೆಯ ಮೇಲೆ ಒಂದು ನೆಟ್ಟನೆಯ ಗೆರೆ, ಒಂದು ಸೊಟ್ಟ ಗೆರೆ ಎಳೆದರು.

“ಸೊಟ್ಟ ಗೆರಿಗೆ ಖರ್ಚು ಜಾಸ್ತಿ. ಆ ಹೆಚ್ಚಿನ ಖರ್ಚಿಗೆ ಎದುರು ಲಾಭ ಏನು ಅಂತ ತೋರಸಬೇಕಲ್ರಿ? ಲಾಭ ಅಂದ್ರ ದಿಬ್ಬ ಉಳಿಯೂದು. ಅದಕ್ಕ ಸಂತ್ಯಾಗ ರೇಟ್ ಇಲ್ಲ. ಅದಕ್ಕ ಮಂದೀನ ಕೇಳೂದು.”

ಕೇಳುವ ಪ್ರಶ್ನೆ ಹದಿನಾಲ್ಕನೆಯದು: ದಿಬ್ಬವನ್ನು ಉಳಿಸಲು ನಿಮ್ಮ ಕುಟುಂಬ ವರ್ಷಕ್ಕೆ ಎಷ್ಟು ರೂಪಾಯಿ ಕೊಡಲು ಸಿದ್ಧ? ಸರಾಸರಿ ತೆಗೆದು, ಊರಿನ ಕುಟುಂಬಗಳ ಸಂಖ್ಯೆಯಿಂದ ಗುಣಿಸಿ, ಮುಂದಿನ ವರ್ಷಗಳದ್ದನ್ನೆಲ್ಲ ಇಂದಿನ ಬೆಲೆಗೆ ಇಳಿಸಿದರೆ ಅದೇ ದಿಬ್ಬದ ಮೌಲ್ಯ. ಹದಿನೈದನೆಯದು, ಸೊನ್ನೆ ಎಂದವರಿಗೆ ಮಾತ್ರ: ಯಾಕೆ? ಕೊಡುವ ಶಕ್ತಿ ಇಲ್ಲವೋ, ದಿಬ್ಬ ನಿಮಗೆ ಮುಖ್ಯವಲ್ಲವೋ, ಇಂಥದ್ದಕ್ಕೆ ಬೆಲೆ ಕಟ್ಟುವುದೇ ತಪ್ಪು ಎನ್ನುತ್ತೀರೋ?

ಆ ಹಳ್ಳಿಯಲ್ಲಿ ನಾನು ಹೋದ ಮೊದಲ ಮನೆಯ ಆಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಲವತ್ತು ವರ್ಷದ ಹಿಂದೆ, ಮದುವೆಗೆ ಮುಂಚೆಯೇ ತೀರಿಕೊಂಡ ಅವಳ ಮಗಳು ದಿಬ್ಬದ ಬೇವಿನ ಮರದ ಕಡೆ ಇದ್ದಾಳೆ. ಹುಡುಗಿಯ ಒಂದು ಫೋಟೋ ಕೂಡ ಇಲ್ಲ. ಇರುವುದು ಆ ಜಾಗ ಒಂದೇ.

ನಾನು ಹದಿನಾಲ್ಕನೆಯ ಪ್ರಶ್ನೆ ಕೇಳಿದೆ. ಆಯಿ ಮೊರ ಕೆಳಗಿಟ್ಟಳು.

“ರೊಕ್ಕಾನ? ಯಾ ಊರಾಕಿ ಬೇ ನೀನು?”

“ಇಂಡಿ ಕಡೀದಾಕಿ, ಆಯಿ.”

“ಇಂಡ್ಯಾಗ ಮಣ್ಣಿಗೆ ಹೋದಾಗ ರೊಕ್ಕ ಎಣಸ್ತಾರೇನು?”

ಎಣಿಸುವುದಿಲ್ಲ. ನಮ್ಮಲ್ಲೂ ಹೆಣ ಹೂಳಲು ಕುಣಿ ತೋಡಿದವನಿಗೆ ಜೋಳ ಅಳೆದು ಕೊಡುತ್ತಾರೆ. ಆ ಜಾಗದಲ್ಲಿ ಯಾರೂ ಕಿಸೆಗೆ ಕೈ ಹಾಕುವುದಿಲ್ಲ. ಅದು ನನಗೆ ಗೊತ್ತಿತ್ತು.

“ಫಾರ್ಮಿನ್ಯಾಗ ಏನರ ಬರೀಬೇಕಲ್ಲ, ಆಯಿ.”

“ಹಂಗಾರ ಒಂದ್ ಹಿಡಿ ಮಣ್ಣು ಅಂತ ಬರಕೋ. ಅಲ್ಲೆ ಅದನ್ನ ಹಾಕೂದು.”

ಒಳಗಿನಿಂದ ಅವಳ ಮಗ ಕೂಗಿದ: “ಯವ್ವಾ, ಮೊದಲ ನೀರು ಬರ್ಲಿ ತಡಿ. ನೀ ಮಣ್ಣು ಹಿಡ್ಕೊಂಡ ಕುಂದ್ರಬ್ಯಾಡ.”

“ನೀರು ಬ್ಯಾಡ ಅಂದೆನೇನು ಮೂಳಾ? ಸುತ್ತು ಹಾಕ್ಕೊಂಡ ಬರ್ಲಿ ಅಂದೆ. ನೀ ಹೆಂಡ್ತಿ ತವರಮನಿಗೆ ನಾಕ ಊರು ಸುತ್ತಿ ಹೋಗಂಗಿಲ್ಲೇನು?”

ನಾನೂ ನಕ್ಕೆ. ಫಾರ್ಮಿನ ಚೌಕದಲ್ಲಿ ಅಂಕಿ ಮಾತ್ರ ಬರೆಯಬೇಕಿತ್ತು, ಸೊನ್ನೆ ಬರೆದೆ. ಹದಿನೈದನೆಯ ಪ್ರಶ್ನೆ ಕೇಳಲು ನಾಚಿಕೆಯಾಯಿತು. ಉತ್ತರ ಆಗಲೇ ಸಿಕ್ಕಿತ್ತಲ್ಲ. ಆಯಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು, ತಿಂದೆ. ಊರಿನ ಬಹಳಷ್ಟು ಮನೆಗಳಲ್ಲಿ ಅದೇ ಮಾತು ಬೇರೆ ಬೇರೆ ರೀತಿಯಲ್ಲಿ ಬಂತು, ಅಲ್ಲೂ ಸೊನ್ನೆ ಬರೆದು ಹದಿನೈದನ್ನು ಖಾಲಿ ಬಿಟ್ಟೆ. ಖಬರಸ್ತಾನದ ಕಡೆಯ ಚಾಚಾ ಒಬ್ಬರು ಪ್ರಶ್ನೆ ಕೇಳಿ ಎದ್ದೇ ಹೋದರು.

ಮರುದಿನ ಮಧ್ಯಾಹ್ನ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನಲ್ಲಿ ಕೂತು ಹಾಳೆಗಳನ್ನು ಜೋಡಿಸಿದೆ. ಹದಿನೈದು ಖಾಲಿ ಬಿಟ್ಟರೆ ಫಾರ್ಮು ವಾಪಸ್ ಬರುತ್ತದೆ ಎಂದು ಮೊದಲೇ ಹೇಳಿದ್ದರು. ಮೂರು ಉತ್ತರಗಳನ್ನು ನೋಡುತ್ತ ಕೂತೆ. ‘ಬೆಲೆ ಕಟ್ಟುವುದೇ ತಪ್ಪು’ ಎಂಬುದಕ್ಕೆ ಗುರುತು ಹಾಕಿದರೆ ಊರವರು ಹಟಮಾರಿಗಳಂತೆ ಕಂಡಾರು ಅನಿಸಿತು. ‘ಕೊಡುವ ಶಕ್ತಿ ಇಲ್ಲ’ ಎಂದರೆ ಸರ್ಕಾರದ ಮನಸ್ಸು ಕರಗುತ್ತದೆ. ನನ್ನ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಪರೀಕ್ಷೆಯ ಫೀ ಮಾಫಿ, ಎಲ್ಲವೂ ಅಪ್ಪನ ಬಡತನಕ್ಕೆ ತಹಶೀಲ್ದಾರರ ಸಿಕ್ಕಾ ಬಿದ್ದಿದ್ದರಿಂದ ಬಂದಿದ್ದವು. ಬಡತನ ತೋರಿಸಿದರೆ ಕೈ ಚಾಚಿ ಕೊಡುತ್ತಾರೆ ಎಂಬುದು ನಾನು ಪುಸ್ತಕಕ್ಕಿಂತ ಮೊದಲು ಕಲಿತ ಪಾಠ. ಒಂದೊಂದಾಗಿ ಎಲ್ಲದಕ್ಕೂ ‘ಶಕ್ತಿ ಇಲ್ಲ’ ಎಂದು ಗುರುತು ಹಾಕಿದೆ. ಉಪಕಾರ ಮಾಡಿದೆನೆಂಬ ಸಮಾಧಾನದಲ್ಲಿ ಬಸ್ ಹತ್ತಿದೆ.

ವರದಿ ಸಲ್ಲಿಕೆಯಾದ ಮೇಲೆ ಅದರ ಕೋಷ್ಟಕ ನನ್ನ ಕಣ್ಣಿಗೆ ಬಿತ್ತು. ಸುತ್ತು ಕಾಲುವೆಯ ಹೆಚ್ಚುವರಿ ಖರ್ಚಿನ ಎದುರು ದಿಬ್ಬದ ಮೌಲ್ಯ ಇಷ್ಟೇ ಇಷ್ಟಿತ್ತು. ಸರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದರು.

“ಶಕ್ತಿ ಇಲ್ಲ ಅಂದ್ರ ಅದು ಖರೇ ಸೊನ್ನಿ ಅಂತ ಲೆಕ್ಕಕ್ಕ ಹೋಗ್ತೈತಿ. ಸರಾಸರಿ ಕೆಳಗ ಎಳೀತೈತಿ. ಬೆಲೆ ಕಟ್ಟೂದ ತಪ್ಪು ಅಂದವರ ಹಾಳಿ ಬ್ಯಾರೆ ತಗದ ಇಡ್ತೇವಿ. ನಾನ ಹೇಳಿದ್ನಲ್ಲ?”

ಹೇಳಿದ್ದರು. ನಾನು ನೋಟ್ಸ್ ಕೂಡ ಬರೆದುಕೊಂಡಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ಅದನ್ನು ತೆರೆದು ನೋಡಿರಲಿಲ್ಲ.

“ಬ್ಯಾರೆ ಇಟ್ಟಿದ್ರ ಎಷ್ಟ ಬರ್ತಿತ್ತು ಸರ?”

“ಎಷ್ಟೂ ಬರ್ತಿದ್ದಿಲ್ಲ. ಅಷ್ಟ ಮಂದಿ ಬ್ಯಾರೆ ಹ್ವಾದ ಮ್ಯಾಲ ಉಳಿದವರ ಸರಾಸರಿಗೆ ಏನ್ ಕಿಮ್ಮತ್ತು? ಅಲ್ಲಿ ಅಂಕಿ ಇಡಾಕ ಬರಂಗಿಲ್ಲ, ಊರವರನ್ನ ಕುಂದ್ರಿಸಿ ಕೇಳಿ ನಿರ್ಧಾರ ಮಾಡ್ರಿ ಅಂತ ನಾ ಒಂದ್ ಪುಟ ಬರೀತಿದ್ದೆ. ಈಗ ಆ ಪುಟಾನ ಇಲ್ಲ.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ನನ್ನ ತಪ್ಪೊಪ್ಪಿಗೆಯ ಪತ್ರವನ್ನು ತಮ್ಮ ಟಿಪ್ಪಣಿಯ ಜೊತೆ ಮೇಲಿನವರಿಗೆ ಕಳಿಸಿದರು. ‘ಕಡತದಲ್ಲಿ ಇರಿಸಲಾಗಿದೆ’ ಎಂಬ ಉತ್ತರ ಬಂತು. ಆ ಹೊತ್ತಿಗೆ ಕಾಲುವೆಯ ದಾರಿ ತೀರ್ಮಾನಿಸುವ ಸಮಿತಿ ನೆಟ್ಟನೆಯ ಗೆರೆಯನ್ನು ಒಪ್ಪಿಯಾಗಿತ್ತು. ಆ ಒಂದು ಪುಟ ಇದ್ದಿದ್ದರೆ ತೀರ್ಮಾನ ಬದಲಾಗುತ್ತಿತ್ತೇ, ನನಗೆ ಗೊತ್ತಿಲ್ಲ. ಕಾಲುವೆಯ ಕೊನೆಯ ಹೊಲದವರೂ ನೀರಿಗಾಗಿ ಕಾದವರೇ. ಅವರ ಬೆಳೆಗೆ ಸಂತೆಯಲ್ಲಿ ರೇಟ್ ಇದೆ. ಬದಲಾಗುತ್ತಿರಲಿಲ್ಲ ಎಂದುಕೊಂಡರೆ ನಿದ್ದೆ ಬರುತ್ತದೆ, ಅದಕ್ಕೇ ಆ ಮಾತನ್ನು ನಾನು ನಂಬುವುದಿಲ್ಲ.

ಗೋರಿಗಳ ಅವಶೇಷ ತೆಗೆದುಕೊಳ್ಳುವವರು ತೆಗೆದುಕೊಳ್ಳಬಹುದು ಎಂದು ಊರಲ್ಲಿ ಡಂಗುರ ಸಾರಿದ ವಾರ ನಾನು ರಜೆ ಹಾಕಿ ಅಲ್ಲಿಗೆ ಹೋದೆ. ಯಾರೂ ಕರೆದಿರಲಿಲ್ಲ. ದಿಬ್ಬದ ಬುಡದಲ್ಲಿ ಜೆಸಿಬಿ, ಅದರಾಚೆ ಇಂಜಿನಿಯರರ ಜೀಪು ನಿಂತಿದ್ದವು. ಬೇವಿನ ಮರಕ್ಕೆ ಸುಣ್ಣದ ಗುರುತು ಬಿದ್ದಿತ್ತು. ಆಯಿ ಅದರ ನೆರಳಲ್ಲಿ ಕೂತಿದ್ದಳು, ಮಗ ಗುದ್ದಲಿ ಹಿಡಿದು ಸುಮ್ಮನೆ ನಿಂತಿದ್ದ. ನಲವತ್ತು ವರ್ಷಗಳ ಮಣ್ಣಿನಲ್ಲಿ ಏನನ್ನು ತೆಗೆಯುವುದು?

ಆಯಿ ನನ್ನ ಗುರುತು ಹಿಡಿದಳು.

“ಬಂದೆನ ತಂಗಿ? ಇವರೆಲ್ಲ ನಿನ್ನ ಫಾರ್ಮ್ ನೋಡಿಲ್ಲೇನು? ನಾ ಹೇಳಿದ್ದು ಬರದಿದ್ದಿ ಹೌದಿಲ್ಲೊ?”

ಹೌದು ಎನ್ನಬಹುದಿತ್ತು. ಅವಳಿಗೆ ಓದು ಬಾರದು.

“ಬರದಿಲ್ಲ ಆಯಿ. ನಿಮಗ ಕೊಡಾಕ ಆಗಂಗಿಲ್ಲ ಅಂತ ಬರದೆ.”

ಮಗ ನನ್ನನ್ನು ನೋಡಿದ. ಆಯಿಯ ಮುಖದಲ್ಲಿ ಸಿಟ್ಟು ಬರಲಿಲ್ಲ, ಒಂದು ಆಸೆ ಬಂತು. ನನಗೆ ಇವತ್ತಿಗೂ ತಡೆಯಲಾಗದ್ದು ಅದು.

“ಹಂಗಾರ ಅವರಿಗೆ ಗೊತ್ತ ಇಲ್ಲ,” ಎಂದಳು. “ಗೊತ್ತಿಲ್ಲದ ಮಾಡಾಕತ್ತಾರ. ನೀ ಸಾಲಿ ಕಲ್ತಾಕಿ, ಹೋಗಿ ಹೇಳು. ಈ ಡ್ರೈವರ್‌ನ ನಾ ಇಲ್ಲೆ ಹಿಡಿದಿರ್ತೇನಿ.”

ನಾನು ಇಂಜಿನಿಯರರ ಜೀಪಿನ ಕಡೆ ನಡೆದೆ. ಹೇಳುವುದೆಲ್ಲ ಹೇಳಿ ಮುಗಿದಿದೆ, ಕಡತದಲ್ಲಿದೆ ಎಂದು ಅವಳಿಗೆ ಹೇಳುವ ಧೈರ್ಯ ನನ್ನ ಎಂ.ಎ.ಗೆ ಇರಲಿಲ್ಲ. ಹಿಂದೆ ಆಯಿ ಡ್ರೈವರನಿಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು: “ತಡಿಯಪ್ಪಾ, ಕುಂದರು, ರೊಟ್ಟಿ ತಿನ್ನು. ಆಕಿ ಹೇಳಾಕ ಹೋಗ್ಯಾಳ.”